ನಿಮ್ಮ a5 ಲೇಖನದ ಬಗ್ಗೆ, ಮುಲಾಜಿಲ್ಲದೆ

"ಸರ್, ನಾನು ತಾರಿಹಾಳದ ಒಂದು ಶೆಡ್ಡಿನಲ್ಲಿ ವೆಲ್ಡರ್. ಡ್ರಾಯಿಂಗ್ ನೋಡಿ ಫಿಲೆಟ್ ವೆಲ್ಡಿನ ಅಳತೆ ತಿಳಿಯುವುದು ಹೇಗೆ ಅಂತ ಹೊಸ ಹುಡುಗರಿಗಾಗಿ ಒಂದು ಲೇಖನ ಬರೆದಿದ್ದೇನೆ. ತ್ರಿಕೋನದ ಪಕ್ಕ a5 ಅಂತ ಇದ್ದರೆ 5 ಎಂ.ಎಂ. ಪಾದ ಇಟ್ಟರೆ ಕಂಠ ತಾನಾಗಿ ಬರುತ್ತದೆ ಎಂದು ಉದಾಹರಣೆ ಕೊಟ್ಟಿದ್ದೇನೆ. ಅಚ್ಚಾಗುತ್ತದೆಯೇ? ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ."

ನಮಸ್ಕಾರ ರೀ. ಈಗಿರುವ ಹಾಗೆ ಅಚ್ಚು ಮಾಡೋದಿಲ್ಲ. ಭಾಷೆಯ ತಪ್ಪಾಗಿದ್ದರೆ ನಾನೇ ತಿದ್ದಿಕೊಳ್ಳುತ್ತಿದ್ದೆ. ಇದು ಅಳತೆಯ ತಪ್ಪು. ನಿಮ್ಮನ್ನು ನಂಬಿ ಒಬ್ಬ ಹುಡುಗ ಬ್ರಾಕೆಟ್ ವೆಲ್ಡ್ ಮಾಡಿದರೆ ಅದು ಹತ್ತರಲ್ಲಿ ಮೂರು ಪಾಲಿನಷ್ಟು ಬಲ ಕಳೆದುಕೊಂಡೇ ಶೆಡ್ಡಿನಿಂದ ಹೊರಗೆ ಹೋಗುತ್ತದೆ.

ತಪ್ಪು ಎಲ್ಲಿದೆ ಅಂದರೆ, ಆ 5ರ ಮುಂದೆ ಕೂತಿರುವ a ಅಕ್ಷರವನ್ನು ನೀವು ಅಲಂಕಾರ ಅಂದುಕೊಂಡಿದ್ದೀರಿ. ಐಎಸ್‌ಓ 2553ರ ಪ್ರಕಾರ ಬರೆದ ಡ್ರಾಯಿಂಗಿನಲ್ಲಿ a ಅಂದರೆ ನೀವು ಕಂಠ ಅಂದಿರುವ ಥ್ರೋಟ್, z ಅಂದರೆ ನೀವು ಪಾದ ಅಂದಿರುವ ಲೆಗ್. ಹಾಗಾಗಿ a5 ಅಂದರೆ 5 ಎಂ.ಎಂ. ಥ್ರೋಟ್ ಬೇಕು ಅಂತ. ಅಮೆರಿಕದ ಎಡಬ್ಲ್ಯೂಎಸ್ ಎ2.4 ಪದ್ಧತಿಯಲ್ಲಿ ಅಕ್ಷರ ಇರೋದಿಲ್ಲ. ತ್ರಿಕೋನದ ಎಡಕ್ಕೆ ಬರೀ ಅಂಕಿ ಇರುತ್ತದೆ, ಅದು ಲೆಗ್. ನಮ್ಮ ಐಎಸ್ 816 ಕೂಡ ಫಿಲೆಟ್ ಸೈಜ್ ಅಂದಾಗ ಹೇಳೋದು ಲೆಗ್ಗನ್ನೇ. ನೀವು ಕಲಿತದ್ದು ಈ ಬರೀ ಅಂಕಿಯ ಡ್ರಾಯಿಂಗ್ ಮೇಲೆ ಇರಬೇಕು. ಯುರೋಪಿನ ಗಿರಾಕಿಯ ಡ್ರಾಯಿಂಗ್ ಕೈಗೆ ಬಂದಾಗ ಕಣ್ಣು ಹಳೇ ಅಭ್ಯಾಸದಲ್ಲೇ ಓದಿಬಿಡುತ್ತದೆ.

ನನಗೂ ಆಗಿದೆ. ಪತ್ರಿಕೆ ಕೆಲಸಕ್ಕೆ ಬರುವ ಮುಂಚೆ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿದ್ದೆ. ಹೀಗೇ a ಇದ್ದ ಡ್ರಾಯಿಂಗಿಗೆ ಲೆಗ್ ಅಳತೆ ಹಿಡಿದು ನಲವತ್ತು ಬ್ರಾಕೆಟ್ ಮುಗಿಸಿದ್ದೆವು. ಇನ್‌ಸ್ಪೆಕ್ಟರ್ ಗೇಜ್ ಇಟ್ಟು ನೋಡಿ ಏನೂ ಮಾತಾಡಲಿಲ್ಲ, ಚಾಕ್‌ಪೀಸ್ ಕೇಳಿದರು. ಎಲ್ಲದರ ಮೇಲೂ ಕ್ರಾಸ್ ಬಿತ್ತು. ಮತ್ತೆ ಒಂದೊಂದು ರನ್ ಹಾಕಿದೆವು. ಆ ಬಿಸಿಗೆ ಅರ್ಧದಷ್ಟು ಪ್ಲೇಟ್ ಸೊಟ್ಟಗಾದವು.

ಈಗ ನಿಮ್ಮ ಉದಾಹರಣೆಯ ಲೆಕ್ಕ ನೋಡೋಣ. ನೀವು 0.707 ಎಂಬ ಅಂಕಿಯನ್ನು ಸುಮ್ನೆ ಎಸೆದು ಮುಂದೆ ಹೋಗಿದ್ದೀರಿ. ಅದು ಎಲ್ಲಿಂದ ಬಂತು ಅಂತ ತೋರಿಸಿದ್ದರೆ ಈ ತಪ್ಪು ನಿಮಗೇ ಸಿಗುತ್ತಿತ್ತು. ಓದುಗರಿಗೆ ಹೀಗೆ ಹೇಳಿ: ಹತ್ತು ಸೆಂಟಿಮೀಟರ್ ಬದಿಯ ಚೌಕ ಕಾಗದ ತಗೊಂಡು ಮೂಲೆಯಿಂದ ಮೂಲೆಗೆ ಮಡಚಿ. ಫಿಲೆಟ್ ವೆಲ್ಡನ್ನು ಅಡ್ಡ ಕೊಯ್ದರೆ ಕಾಣುವ ತ್ರಿಕೋನ ಅದೇ. ಎರಡು ಸಮ ಬದಿಗಳು ಲೆಗ್. ಆ ಎರಡು ಬದಿ ಕೂಡುವ ಮೂಲೆ ರೂಟ್. ಮಡಿಕೆಯ ಗೆರೆ ವೆಲ್ಡಿನ ಮುಖ. ರೂಟಿನಿಂದ ಮಡಿಕೆಗೆ ನೇರವಾಗಿ ಸ್ಕೇಲ್ ಇಡಿ, ಏಳು ಸೆಂಟಿಮೀಟರಿಗಿಂತ ಕೂದಲೆಳೆ ಜಾಸ್ತಿ ಬರುತ್ತದೆ. ಅದೇ ಥ್ರೋಟ್. ಭಾರ ಬಿದ್ದಾಗ ವೆಲ್ಡ್ ಹರಿಯುವ ಅತಿ ಸಣ್ಣ ದಾರಿ ಅದು. ಅದಕ್ಕೇ ಡಿಸೈನ್ ಮಾಡುವವರು ಬಲವನ್ನು ಥ್ರೋಟ್ ಮೇಲೆ ಲೆಕ್ಕ ಹಾಕುತ್ತಾರೆ. ವೆಲ್ಡರ್ ಕೈಗೆ ಸುಲಭವಾಗಿ ಸಿಗುವ ಅಳತೆ ಮಾತ್ರ ಲೆಗ್.

ಅಂದ ಮೇಲೆ ಎರಡು ಪ್ಲೇಟ್ 90 ಡಿಗ್ರಿಯಲ್ಲಿದ್ದು ಲೆಗ್ ಎರಡೂ ಸಮ ಇದ್ದರೆ, ಸೂತ್ರ ಇಷ್ಟೇ:

```
a = 0.707 × z
z = 1.414 × a
```

a5ಕ್ಕೆ ಬೇಕಾದ ಲೆಗ್ 7.07. ಸರಿಯಾಗಿ 7ಕ್ಕೆ ನಿಲ್ಲಿಸಿದರೆ ಥ್ರೋಟ್ 4.95, ಕೂದಲೆಳೆಯಷ್ಟು ಕಡಿಮೆ. ನಾನಾಗಿದ್ದರೆ ಏಳೂವರೆ ಇಡಿ ಅನ್ನುತ್ತೇನೆ. ನೀವು ಹೇಳಿದಂತೆ 5 ಲೆಗ್ ಇಟ್ಟರೆ ಥ್ರೋಟ್ ಬರೀ ಮೂರೂವರೆ. ಭಾರದ ಲೆಕ್ಕದಲ್ಲಿ ನೋಡಿದರೆ ಓದುಗರಿಗೆ ಇನ್ನೂ ಚೆನ್ನಾಗಿ ತಟ್ಟುತ್ತದೆ. ಸಾಮಾನ್ಯ ಮೈಲ್ಡ್ ಸ್ಟೀಲಿಗೆ, ಶೆಡ್ಡಿನಲ್ಲಿ ಮಾಡಿದ ವೆಲ್ಡಿಗೆ, ಐಎಸ್ 800:2007ರ ಪ್ರಕಾರ ಥ್ರೋಟಿನ ಒಂದು ಚದರ ಎಂ.ಎಂ.ಗೆ ಸುಮಾರು 189 ನ್ಯೂಟನ್ ಹಿಡಿಯಬಹುದು. ನಿಮ್ಮ ಬ್ರಾಕೆಟ್ಟಿನ 100 ಎಂ.ಎಂ. ಉದ್ದದ ವೆಲ್ಡ್ ಪೂರಾ ಲೆಕ್ಕಕ್ಕೆ ಬಂತು ಅಂದುಕೊಳ್ಳಿ. ಥ್ರೋಟ್ 5 ಇದ್ದರೆ ಒಂಬತ್ತೂವರೆ ಟನ್ನಿಗಿಂತ ಸ್ವಲ್ಪ ಜಾಸ್ತಿ. ಮೂರೂವರೆ ಇದ್ದರೆ ಆರೂಮುಕ್ಕಾಲು ಟನ್ನಿನ ಹತ್ತಿರ. ಮೂರು ಟನ್ನಿನಷ್ಟು ಬಲ ಒಂದೇ ಅಕ್ಷರದಲ್ಲಿ ಹೋಯಿತು.

ತಿರುಗಿಸಿ ತಪ್ಪು ಮಾಡಿದರೂ ನಷ್ಟವೇ. z5 ಇದ್ದಲ್ಲಿ a5 ಅಂತ ಓದಿ ಏಳು ಚಿಲ್ಲರೆ ಲೆಗ್ ಹಾಕಿದರೆ ವೆಲ್ಡಿನ ಕೊಯ್ತ ಹನ್ನೆರಡೂವರೆ ಚದರ ಎಂ.ಎಂ. ಇರಬೇಕಾದಲ್ಲಿ 25 ಆಗುತ್ತದೆ. ವೈರ್ ಡಬಲ್, ಬಿಸಿಯೂ ಜಾಸ್ತಿ. ತೆಳು ಪ್ಲೇಟ್ ಆದರೆ ಎಳೆದುಕೊಳ್ಳುತ್ತದೆ.

"ಕಂಠ ತಾನಾಗಿ ಬರುತ್ತದೆ" ಅನ್ನುವ ನಿಮ್ಮ ಮಾತಿಗೆ ಬರುತ್ತೇನೆ. ಬರೋದಿಲ್ಲ. ಮುಖ ಒಳಗೆ ಬಾಗಿದ್ದರೆ ಎರಡೂ ಲೆಗ್ ಸರಿ ಇದ್ದೂ ನಡುವೆ ಮಾಲು ಕಡಿಮೆ ಇರುತ್ತದೆ. ಅಲ್ಲಿ ಲೆಗ್ ಗೇಜ್ ಸುಳ್ಳು ಹೇಳುತ್ತದೆ, ಥ್ರೋಟ್ ಗೇಜ್ ಇಡಲೇಬೇಕು. ಮುಖ ಉಬ್ಬಿದ್ದರೆ ಲೆಗ್ ನೋಡಿ. ಮೇಲೆ ಉಬ್ಬಿದ ಮಾಲು ಲೆಕ್ಕಕ್ಕಿಲ್ಲ, ಒಳಗೆ ಹಿಡಿಸುವ ತ್ರಿಕೋನವೇ ಲೆಕ್ಕ.

ಇನ್ನೂ ಮೋಸದ್ದು ಗ್ಯಾಪ್. ನಿಂತ ಪ್ಲೇಟ್ ಕೆಳಗಿನ ಪ್ಲೇಟಿಗೆ ಪೂರ್ತಿ ಕೂತಿಲ್ಲ, ನಡುವೆ 2 ಎಂ.ಎಂ. ಸಂದು ಇದೆ ಅನ್ನಿ. ಹೊರಗಿಂದ ಲೆಗ್ ಏಳೂವರೆ ಕಾಣುತ್ತದೆ. ಅದರಲ್ಲಿ 2 ಎಂ.ಎಂ. ಸಂದಿನ ಎದುರು ನಿಂತಿರೋದು, ಪ್ಲೇಟನ್ನು ಹಿಡಿದಿಲ್ಲ. ಲೆಕ್ಕಕ್ಕೆ ಸಿಗೋದು ಐದೂವರೆ ಮಾತ್ರ, ಥ್ರೋಟ್ ನಾಲ್ಕರ ಒಳಗೆ. ವೆಲ್ಡ್ ಆದ ಮೇಲೆ ಇದನ್ನು ಯಾವ ಗೇಜೂ ತೋರಿಸೋದಿಲ್ಲ. ಟ್ಯಾಕ್ ಹಾಕಿದ ಮೇಲೆ, ರನ್ ಹಾಕುವ ಮುಂಚೆ, ಫೀಲರ್ ಗೇಜ್ ತೂರಿಸಿ ನೋಡಬೇಕು. ಎಡಬ್ಲ್ಯೂಎಸ್ ಡಿ1.1 ಪ್ರಕಾರ ಸಂದು 1/16 ಇಂಚು ದಾಟಿದರೆ, ಸಂದು ಎಷ್ಟಿದೆಯೋ ಅಷ್ಟು ಲೆಗ್ ಹೆಚ್ಚಿಸಬೇಕು. ನಿಮ್ಮ ಲೇಖನದಲ್ಲಿ ಗ್ಯಾಪ್ ಎಂಬ ಪದವೇ ಇಲ್ಲ. ದಿನಾ ಕೈಯಲ್ಲಿ ಟಾರ್ಚ್ ಹಿಡಿಯುವ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಅಲ್ವಾ? ಅದನ್ನು ಬಿಟ್ಟು ವೆಲ್ಡಿಂಗಿನ ಇತಿಹಾಸಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ಅದು ಪೂರ್ತಿ ಹೋಗಲಿ.

ಭಾಷೆಯ ಬಗ್ಗೆ ಒಂದೇ ಮಾತು. ಪಾದ, ಕಂಠ ತೆಗೆಯಿರಿ. ಶೆಡ್ಡಿನಲ್ಲಿ ಯಾರಾದರೂ "ಕಂಠದ ಗೇಜ್ ಕೊಡಪಾ" ಅಂದರೆ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಲೆಗ್, ಥ್ರೋಟ್ ಅಂತಲೇ ಬರೆಯಿರಿ.

ಕೊನೆಯಲ್ಲಿ 6×8 ಎಂಬ ಅಸಮ ಲೆಗ್ಗಿನ ಉದಾಹರಣೆ ಇದೆ, ಅದನ್ನು ಇಟ್ಟುಕೊಳ್ಳಿ. ಆದರೆ ಅಲ್ಲಿ 0.707 ನಡೆಯೋದಿಲ್ಲ. ಎರಡು ಲೆಗ್ ಗುಣಿಸಿ ಓರೆ ಬದಿಯಿಂದ ಭಾಗಿಸಬೇಕು: 48 ಭಾಗಿಸು 10, ಥ್ರೋಟ್ 4.8. ನೀವು ಎರಡರ ಸರಾಸರಿ 7 ಹಿಡಿದು 4.95 ಅಂದಿದ್ದೀರಿ. ಯಾವ ಲೆಗ್ ಯಾವ ಪ್ಲೇಟಿನ ಮೇಲೆ ಅನ್ನೋದನ್ನೂ ಬಿಟ್ಟಿದ್ದೀರಿ. ಸಿಂಬಲ್ ಒಂದರಿಂದಲೇ ಅದು ಗೊತ್ತಾಗೋದಿಲ್ಲ, ಡ್ರಾಯಿಂಗಿನಲ್ಲಿ ವೆಲ್ಡಿನ ಚಿತ್ರ ತೋರಿಸಿರಬೇಕು.

ತಿದ್ದಿದ ಲೇಖನದ ಜೊತೆ ಆ ಡ್ರಾಯಿಂಗಿನ ಟೈಟಲ್ ಬ್ಲಾಕಿನ ಫೋಟೋ ಕಳಿಸಿ, ಗಿರಾಕಿಯ ಹೆಸರು ಮುಚ್ಚಿ. ಯಾವ ಪದ್ಧತಿ ಅಂತ ಅಲ್ಲೇ ಬರೆದಿರುತ್ತದೆ. ಅದನ್ನು ನೋಡದೆ ನಾನು ಅಚ್ಚಿಗೆ ಕೊಡೋದಿಲ್ಲ. ಮತ್ತೆ, ಆ ಬ್ರಾಕೆಟ್ ನಿಮ್ಮ ಶೆಡ್ಡಿನಿಂದ ಇನ್ನೂ ಹೋಗಿಲ್ಲವಾದರೆ ಲೇಖನ ಆಮೇಲೆ, ಮೊದಲು ನಿಮ್ಮ ಸೂಪರ್‌ವೈಸರಿಗೆ ಹೇಳಿ.