ಮಾತ್ರೆ ತಗೊಂಡರೂ ನಿಮಿರುವಿಕೆ ಬರಲಿಲ್ಲ, ಏಕೆ?

ಓದುಗರ ಪತ್ರ: ನನಗೆ 54 ವರ್ಷ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತೀನಿ. ನಿಮಿರುವಿಕೆ ಸರಿಯಾಗಿ ಆಗ್ತಿಲ್ಲ ಅಂದಾಗ ಡಾಕ್ಟರು ಸಿಲ್ಡೆನಾಫಿಲ್ 50 ಮಿಲಿಗ್ರಾಂ ಬರೆದುಕೊಟ್ಟರು. ಮೂರು ಸಲ ತಗೊಂಡೆ. ರಾತ್ರಿ 9ಕ್ಕೆ ಹೊಟ್ಟೆ ತುಂಬ ಊಟ, 9.30ಕ್ಕೆ ಮಾತ್ರೆ. ಹಾಸಿಗೆಯಲ್ಲಿ ಮಲಗಿ 10.15ರವರೆಗೆ ಕಾದೆ, ಏನೂ ಆಗಲಿಲ್ಲ. ಬೇಜಾರಾಗಿ ನಿದ್ದೆ ಮಾಡಿದೆ. ಹೆಂಡತಿಗೆ ಮಾತ್ರೆ ವಿಷಯ ಹೇಳಿಲ್ಲ. ಎರಡು ಮಾತ್ರೆ ಒಟ್ಟಿಗೆ ತಗೊಳ್ಳಬಹುದಾ? (ಹೆಸರು ಬೇಡ)

ಸಂಪಾದಕರ ಉತ್ತರ: ನಮಸ್ಕಾರ. ಮೊದಲು ಕೊನೆಯ ಪ್ರಶ್ನೆಗೆ ಬರುತ್ತೇನೆ. ಡಾಕ್ಟರನ್ನು ಕೇಳದೆ ಎರಡು ಮಾತ್ರೆ ತಗೊಳ್ಳಬೇಡಿ. ನಿಮ್ಮ ಮೂರು ರಾತ್ರಿಗಳ ಲೆಕ್ಕ ನೋಡಿದರೆ, ಮಾತ್ರೆ ಸೋತಿದೆ ಎಂದು ಹೇಳಲು ಇನ್ನೂ ಕಾರಣವೇ ಸಿಕ್ಕಿಲ್ಲ. ಅದಕ್ಕೆ ಕೆಲಸ ಮಾಡುವ ಅವಕಾಶ ಒಂದು ಸಲವೂ ಸರಿಯಾಗಿ ದೊರೆತಿಲ್ಲ.

ನೀವು ಮಾತ್ರೆ ನುಂಗಿ, ಮಲಗಿ, ಕಾದಿರಿ. ತುಂಬ ಜನ ಹೀಗೇ ಮಾಡುತ್ತಾರೆ, ಏಕೆಂದರೆ ಮಾತ್ರೆಯೇ ನಿಮಿರುವಿಕೆ ತರುತ್ತದೆ ಎಂದು ನಂಬಿರುತ್ತಾರೆ. ಸಿಲ್ಡೆನಾಫಿಲ್ ಹಾಗೆ ಕೆಲಸ ಮಾಡುವುದಿಲ್ಲ. ಮನಸ್ಸಿನಲ್ಲಿ ಆಸೆ ಮೂಡಿದಾಗ, ಮುತ್ತು ಸ್ಪರ್ಶ ಸಿಕ್ಕಾಗ, ಶಿಶ್ನದ ನರಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತವೆ. ಅದರಿಂದ ಒಳಗೆ ಸಿಜಿಎಂಪಿ ಎಂಬ ವಸ್ತು ಹುಟ್ಟುತ್ತದೆ. ಇದು ರಕ್ತನಾಳಗಳ ಸುತ್ತಲಿನ ಸ್ನಾಯುವನ್ನು ಸಡಿಲ ಮಾಡುತ್ತದೆ, ರಕ್ತ ನುಗ್ಗಿ ತುಂಬಿಕೊಳ್ಳುತ್ತದೆ. ಪಿಡಿಇ5 ಎಂಬ ಇನ್ನೊಂದು ವಸ್ತು ಈ ಸಿಜಿಎಂಪಿಯನ್ನು ಒಡೆದು ಹಾಕುತ್ತಲೇ ಇರುತ್ತದೆ. ಮಾತ್ರೆ ಆ ಪಿಡಿಇ5ನ್ನು ತಡೆಯುತ್ತದೆ, ಅಷ್ಟೇ. ನಲ್ಲಿಯಿಂದ ತೊಟ್ಟಿಗೆ ನೀರು ಬೀಳುತ್ತಿದ್ದರೆ, ಕೆಳಗಿನ ತೂತು ಮುಚ್ಚಿದಾಗ ತೊಟ್ಟಿ ತುಂಬುತ್ತದೆ. ನಲ್ಲಿಯನ್ನೇ ತಿರುಗಿಸದಿದ್ದರೆ ತೂತು ಮುಚ್ಚಿ ಏನು ಪ್ರಯೋಜನ ಅಲ್ವಾ?

ಅಂದರೆ ಕಾಯುವ ಹೊತ್ತಿನಲ್ಲಿ ಶಿಶ್ನದ ಮೇಲೆ ಕಣ್ಣಿಟ್ಟು ಕೂರಬೇಡಿ. 'ಆಗ್ತಿದೆಯಾ, ಇಲ್ವಾ' ಎಂದು ಪರೀಕ್ಷೆ ಮಾಡುತ್ತಿದ್ದರೆ ಗಾಬರಿ ಹೆಚ್ಚುತ್ತದೆ. ಗಾಬರಿಯಾದಾಗ ದೇಹದಲ್ಲಿ ಅಡ್ರಿನಲಿನ್ ಜಾಸ್ತಿಯಾಗುತ್ತದೆ, ಅದು ಅದೇ ಸ್ನಾಯುವನ್ನು ಬಿಗಿ ಮಾಡುತ್ತದೆ. ಮಾತ್ರೆ ಒಂದು ಕಡೆ ಎಳೆದರೆ ಇದು ಇನ್ನೊಂದು ಕಡೆ ಎಳೆಯುತ್ತದೆ. ಹೆಂಡತಿಗೆ ಹೇಳದೆ ಇರುವುದರ ಕಷ್ಟವೂ ಇಲ್ಲೇ ಇದೆ. ಅವರಿಗೆ ವಿಷಯ ಗೊತ್ತಿಲ್ಲದಿದ್ದರೆ ಆ ರಾತ್ರಿ ಅವರು ಸುಮ್ನೆ ಪಕ್ಕಕ್ಕೆ ತಿರುಗಿ ಮಲಗುತ್ತಾರೆ. ಮಾತ್ರೆಗೆ ಬೇಕಾದ ಸ್ಪರ್ಶ, ಮಾತು, ಸಲಿಗೆ ಯಾವುದೂ ಸಿಗುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಒಂದು ಹಗಲು ಹೊತ್ತಿನಲ್ಲಿ ಅವರಿಗೆ ಹೇಳಿಬಿಡಿ.

ಈಗ ಗಡಿಯಾರದ ವಿಷಯ. ಖಾಲಿ ಹೊಟ್ಟೆಯಲ್ಲಿ ತಗೊಂಡ ಸಿಲ್ಡೆನಾಫಿಲ್ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪಲು ಸಾಮಾನ್ಯವಾಗಿ 1 ಗಂಟೆ ಬೇಕು. ಕೆಲವರಲ್ಲಿ ಅರ್ಧ ಗಂಟೆ ಸಾಕು, ಇನ್ನು ಕೆಲವರಲ್ಲಿ 2 ಗಂಟೆ. ಎಣ್ಣೆ, ಬೆಣ್ಣೆ, ಮಾಂಸ ಜಾಸ್ತಿ ಇದ್ದ ಭಾರಿ ಊಟದ ಮೇಲೆ ತಗೊಂಡರೆ ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ. ಮಾತ್ರೆ ಅಲ್ಲೇ ಕಾಯುತ್ತದೆ. ಗರಿಷ್ಠ ಮಟ್ಟ ಸುಮಾರು 1 ಗಂಟೆ ತಡವಾಗುತ್ತದೆ, ಆ ಮಟ್ಟವೂ 100ಕ್ಕೆ 29ರಷ್ಟು ಕಡಿಮೆಯಾಗುತ್ತದೆ. ನಿಮ್ಮ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ. 9.30ಕ್ಕೆ ನುಂಗಿದ ಮಾತ್ರೆ ಪೂರ್ತಿ ಬಲಕ್ಕೆ ಬರಲು 11.30 ಆಗಬಹುದು. ನೀವು ಕೈಬಿಟ್ಟದ್ದು 10.15ಕ್ಕೆ. ಅದು ಕೆಲಸ ಶುರು ಮಾಡುವ ಹೊತ್ತಿಗೆ ನೀವು ನಿದ್ದೆಯಲ್ಲಿದ್ದಿರಿ.

ಮುಂದಿನ ಸಲ ಹೀಗೆ ಮಾಡಿ. ಸಂಜೆ 7ಕ್ಕೆ ಎಣ್ಣೆ ಕಡಿಮೆ ಇರುವ ಹಗುರ ಊಟ ಮಾಡಿ. ಸಕ್ಕರೆ ಮಾತ್ರೆ ತಗೊಳ್ಳುವವರು ಊಟ ತಪ್ಪಿಸಬಾರದು, ಆದ್ದರಿಂದ ಉಪವಾಸ ಬೇಡ. 9ಕ್ಕೆ ನೀರಿನೊಂದಿಗೆ ಮಾತ್ರೆ ತಗೊಳ್ಳಿ. ಮದ್ಯ ಬೇಡ, ಅದು ನಿಮಿರುವಿಕೆಯನ್ನು ಕುಗ್ಗಿಸುತ್ತದೆ, ರಕ್ತದೊತ್ತಡವನ್ನೂ ಇಳಿಸುತ್ತದೆ. 10ರ ಹೊತ್ತಿಗೆ ಹೆಂಡತಿಯ ಜೊತೆ ಅವಸರವಿಲ್ಲದೆ ಶುರು ಮಾಡಿ. ಅಲ್ಲಿಂದ ಮಧ್ಯರಾತ್ರಿಯವರೆಗೂ ನಿಮಗೆ ಸಮಯವಿದೆ. ಈ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುತ್ತದೆ, ಕೊನೆಗೆ ಕೊನೆಗೆ ಕಡಿಮೆಯಾಗುತ್ತದೆ. ಬೇರೆ ಬೇರೆ ದಿನಗಳಲ್ಲಿ ಹೀಗೆ 6ರಿಂದ 8 ಸಲ ಪ್ರಯತ್ನಿಸಿ. ಒಂದೆರಡು ಸಲ ಆಗದಿದ್ದರೆ ತೀರ್ಮಾನ ಮಾಡಬೇಡಿ, ಎಷ್ಟೋ ಜನರಿಗೆ ಭಯ ಹೋದ ಮೇಲೇ ಸರಿಯಾದ ಫಲ ಸಿಗುತ್ತದೆ.

ಇಷ್ಟು ಮಾಡಿದ ಮೇಲೂ ನಿಮಿರುವಿಕೆ ಅರೆಬರೆಯೇ ಇದ್ದರೆ, ಆಗ ಡೋಸ್ ಬಗ್ಗೆ ಕೇಳಬೇಕು. 50 ಮಿಲಿಗ್ರಾಂ ಸಾಮಾನ್ಯವಾಗಿ ಶುರುವಿನ ಡೋಸ್. ಗರಿಷ್ಠ 100 ಮಿಲಿಗ್ರಾಂ, ಅದೂ ದಿನಕ್ಕೆ ಒಂದೇ ಸಲ. ಸಕ್ಕರೆ ಕಾಯಿಲೆ ನರಗಳಿಗೂ ರಕ್ತನಾಳಗಳಿಗೂ ಹಾನಿ ಮಾಡುವುದರಿಂದ ನಿಮ್ಮಂಥವರಿಗೆ ಹೆಚ್ಚಿನ ಡೋಸ್ ಬೇಕಾಗುವುದು ಅಪರೂಪವೇನಲ್ಲ. ಆದರೆ ಅದನ್ನು ಡಾಕ್ಟರೇ ಏರಿಸಬೇಕು. ಕಾರಣವಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ, ಸ್ಪ್ರೇ ಅಥವಾ ಪಟ್ಟಿ ಬಳಸುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು, ಯಾವ ಡೋಸಿನಲ್ಲೂ ಬಾರದು. ಎರಡೂ ಸೇರಿದರೆ ರಕ್ತದೊತ್ತಡ ಧಡಕ್ಕನೆ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಪ್ರಾಸ್ಟೇಟ್ ತೊಂದರೆಗೆ ಆಲ್ಫಾ ಬ್ಲಾಕರ್ ತಗೊಳ್ಳುವವರಿಗೂ ತಲೆಸುತ್ತು ಬರಬಹುದು. 65 ದಾಟಿದವರಿಗೆ, ಯಕೃತ್ತು ಅಥವಾ ಮೂತ್ರಪಿಂಡ ತುಂಬ ಕೆಟ್ಟವರಿಗೆ 25 ಮಿಲಿಗ್ರಾಂನಿಂದಲೇ ಶುರು ಮಾಡುವುದುಂಟು. ನೀವು ತಗೊಳ್ಳುವ ಎಲ್ಲ ಔಷಧಿಗಳ ಪಟ್ಟಿ ಡಾಕ್ಟರ ಕೈಗೆ ಕೊಡಿ.

ಗಡಿಯಾರ ನೋಡಿಕೊಂಡು ಪ್ರೀತಿ ಮಾಡುವುದೇ ನಿಮಗೆ ಕಿರಿಕಿರಿ ಎನಿಸಿದರೆ ಟಡಾಲಾಫಿಲ್ ಎಂಬ ಇದೇ ಬಗೆಯ ಇನ್ನೊಂದು ಮಾತ್ರೆಯ ಬಗ್ಗೆಯೂ ವಿಚಾರಿಸಿ. ಅದಕ್ಕೆ ಊಟದ ಅಡ್ಡಿಯಿಲ್ಲ. ಗರಿಷ್ಠ ಮಟ್ಟಕ್ಕೆ ಬರಲು ಸುಮಾರು 2 ಗಂಟೆ ಬೇಕು, ಆದರೆ ಪರಿಣಾಮ 36 ಗಂಟೆಯವರೆಗೂ ಉಳಿಯಬಹುದು. ನೈಟ್ರೇಟ್ ನಿಷೇಧ ಇದಕ್ಕೂ ಇದೆ. ಆಸೆಯೂ ಸ್ಪರ್ಶವೂ ಇದಕ್ಕೂ ಬೇಕು. ಎರಡನ್ನೂ ಒಂದೇ ದಿನ ಸೇರಿಸಿ ಮಾತ್ರ ತಗೊಳ್ಳಬೇಡಿ.

ಮಾತ್ರೆ ಎಲ್ಲಿಂದ ತಂದಿರಿ ಎಂದು ನೀವು ಬರೆದಿಲ್ಲ. ಚೀಟಿ ಕೇಳದೆ ಮಾರುವ ಕಡೆಯಿಂದ ತಂದಿದ್ದರೆ ಒಳಗೆ ಔಷಧವೇ ಇಲ್ಲದಿರಬಹುದು, ಅಥವಾ ಜಾಸ್ತಿ ಇರಬಹುದು. ಪರವಾನಗಿ ಇರುವ ಔಷಧಿ ಅಂಗಡಿಯಿಂದಲೇ ತನ್ನಿ.

ಸರಿಯಾದ ಹೊತ್ತು, ಹಗುರ ಹೊಟ್ಟೆ, ಸಾಕಷ್ಟು ಉದ್ರೇಕ, ಡಾಕ್ಟರು ಏರಿಸಿದ ಡೋಸ್, ಇಷ್ಟೂ ಇದ್ದು ಫಲ ಸಿಗದಿದ್ದರೆ ಪರೀಕ್ಷೆ ಬೇಕು. ಕಳೆದ 3 ತಿಂಗಳ ಸಕ್ಕರೆಯ ಸರಾಸರಿ, ಬೆಳಗಿನ ಟೆಸ್ಟೋಸ್ಟಿರಾನ್, ರಕ್ತದೊತ್ತಡ ನೋಡಲು ಹೇಳಿ. ಹೃದಯದ ಪರೀಕ್ಷೆಯನ್ನೂ ಕೇಳಿ. ಶಿಶ್ನದ ರಕ್ತನಾಳಗಳು ಹೃದಯದವುಗಳಿಗಿಂತ ಸಣ್ಣವು, ಹಾಗಾಗಿ ರಕ್ತನಾಳದ ತೊಂದರೆ ಎಷ್ಟೋ ಸಲ ಮೊದಲು ಇಲ್ಲೇ ಕಾಣಿಸಿಕೊಳ್ಳುತ್ತದೆ. ಸಂಭೋಗದ ವೇಳೆ ಎದೆನೋವು ಬಂದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಸಿಲ್ಡೆನಾಫಿಲ್ ತಗೊಂಡಿದ್ದೇನೆ ಎಂದು ಅಲ್ಲಿ ಮೊದಲೇ ಹೇಳಿ. ನಿಮಿರುವಿಕೆ 4 ಗಂಟೆ ಕಳೆದರೂ ಇಳಿಯದಿದ್ದರೆ, ಇಲ್ಲವೇ ದೃಷ್ಟಿ ಇದ್ದಕ್ಕಿದ್ದಂತೆ ಮಂಕಾದರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಹೊರಡಿ.