ಓಣಿಯ ದೊಕ್ತೋರ್, ಮಸೀದಿಯ ಶೇಖ್

ಓದುಗರ ಪತ್ರ

ಈಜಿಪ್ಟಿನ ಒಂದು ಅರಬಿ ಕಥೆಯನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಕೈರೋದ ಒಂದು ಓಣಿಯಲ್ಲಿ ನಡೆಯುವ ಕಥೆ. ಮದ್ದಿನ ಅಂಗಡಿಯವನಿಗೆ ಎಲ್ಲರೂ ‘ಯಾ ದೊಕ್ತೋರ್’ ಅನ್ನುತ್ತಾರೆ. ಅಂಗಡಿಗೆ ಬಂದ ಮುದುಕಿಗೆ ಅವನು ‘ಯಾ ಹಗ್ಗಾ’ ಅನ್ನುತ್ತಾನೆ. ಮಸೀದಿಯಲ್ಲಿ ಕುರ್‌ಆನ್ ಕಲಿಸುವವರು ಶೇಖ್. ಆದರೆ ಟ್ಯಾಕ್ಸಿಯವನೂ ಗೆಳೆಯನ ಮೇಲೆ ರೇಗಿ ‘ಯಾ ಶೇಖ್!’ ಅನ್ನುತ್ತಾನೆ. ಹಾಜಿ, ಡಾಕ್ಟರ್, ಶೇಖ್ ಎಂದು ಎಲ್ಲವನ್ನೂ ಹಾಗೇ ಬಿಡಲೇ, ಅನುವಾದಿಸಲೇ, ತೆಗೆದುಬಿಡಲೇ?

— ಓದುಗರೊಬ್ಬರು, ಭಟ್ಕಳ

ಸಂಪಾದಕರ ಉತ್ತರ

ಟ್ಯಾಕ್ಸಿಯವನಿಂದಲೇ ಶುರು ಮಾಡೋಣ, ಏಕೆಂದರೆ ಅವನದು ಸುಲಭ. ಅವನ ‘ಯಾ ಶೇಖ್’ನಲ್ಲಿ ಶೇಖ್ ಯಾರೂ ಇಲ್ಲ. ನಮ್ಮ ಕರಾವಳಿಯಲ್ಲೂ ಮಲೆನಾಡಿನಲ್ಲೂ ‘ಎಂಥ ಮಾರಾಯ’ ಅನ್ನುತ್ತೇವಲ್ಲ, ಅದೇ. ‘ಮಹಾರಾಯ’ ಎಂಬ ದೊಡ್ಡ ಪದ ಸವೆದು ಮಾರಾಯ ಆಗಿದೆ. ಅದನ್ನು ಇಂಗ್ಲಿಷಿಗೆ ತರುವಾಗ ಯಾರೂ ‘ಕಿಂಗ್’ ಎಂದು ಬರೆಯುವುದಿಲ್ಲ. ಹಾಗೆಯೇ ರೇಗಿದಾಗ, ನಂಬದಿದ್ದಾಗ, ಬೆರಗಾದಾಗ ಬರುವ ‘ಯಾ ಶೇಖ್’ ಬರೀ ಉದ್ಗಾರ. ‘ಕಮ್ ಆನ್, ಮ್ಯಾನ್’ ಅಥವಾ ಬರೀ ‘ಓ, ಕಮ್ ಆನ್’ ಸಾಕು. ಇಲ್ಲಿ ‘ಶೇಖ್’ ಎಂದು ಉಳಿಸಿದರೆ ಟ್ಯಾಕ್ಸಿಯಲ್ಲಿ ಒಬ್ಬ ಮೌಲವಿ ಕೂತಿದ್ದಾನೆಂದು ಇಂಗ್ಲಿಷ್ ಓದುಗ ತಿಳಿಯುತ್ತಾನೆ. ಗುರುತಿಸುವುದು ಹೇಗೆ ಎಂದರೆ, ಮುಂದೆ ಹೆಸರಿಲ್ಲ, ಮಾತಾಡಿಸಿಕೊಂಡವನನ್ನು ಕಥೆಯಲ್ಲಿ ಬೇರೆ ಯಾರೂ ಶೇಖ್ ಅಂದಿಲ್ಲ, ಆ ಎರಡು ಪದ ತೆಗೆದರೂ ವಾಕ್ಯದ ಅರ್ಥ ಕೆಡುವುದಿಲ್ಲ, ಬಿಸಿ ಮಾತ್ರ ಇಳಿಯುತ್ತದೆ. ಈ ಮೂರೂ ಕೂಡಿಬಂದರೆ ಅನುವಾದಿಸಬೇಕಾದದ್ದು ಬಿಸಿಯನ್ನು, ಪದವನ್ನಲ್ಲ.

ಮಸೀದಿಯ ಶೇಖ್ ಮಾತು ಬೇರೆ. ಶೇಖ್ ಎಂದರೆ ಮೂಲದಲ್ಲಿ ವಯಸ್ಸಾದವನು. ಅಲ್ಲಿಂದ ಕುಲದ ಹಿರಿಯ, ಊರ ಮುಖಂಡ, ಧರ್ಮ ಬಲ್ಲವನು ಎಂದು ಅರ್ಥ ಕವಲೊಡೆದಿದೆ. ನಮ್ಮಲ್ಲಿ ‘ಯಜಮಾನ’ ಎಂಬ ಪದ ಮನೆಯ ಹಿರಿಯನಿಗೂ ಊರ ಹಿರಿಯನಿಗೂ ಗಂಡನಿಗೂ ಹೊಂದುವಂತೆ. ಯಾವ ನೆಲದ ಕಥೆ ಎಂಬುದರ ಮೇಲೆ ಶೇಖ್ ಯಾರು ಎಂಬುದು ನಿಂತಿದೆ. ಎಮಿರೇಟ್ಸ್, ಕತಾರ್, ಕುವೈತ್, ಬಹರೈನ್‌ಗಳಲ್ಲಿ ಅದು ಆಳುವ ಮನೆತನದವರ ಬಿರುದು, ಹೆಣ್ಣಾದರೆ ಶೇಖಾ. ಅಲ್ಲಿ ಅದನ್ನು ಅನುವಾದಿಸಲೂ ಕೂಡದು, ಬಿಡಲೂ ಕೂಡದು. ಪಕ್ಕದ ಸೌದಿಯಲ್ಲಿ ರಾಜಮನೆತನದವರು ಅಮೀರ್, ಇಂಗ್ಲಿಷಿನಲ್ಲಿ ಪ್ರಿನ್ಸ್. ಅಲ್ಲಿ ಶೇಖ್ ಅನ್ನಿಸಿಕೊಳ್ಳುವವರು ಧರ್ಮ ವಿದ್ವಾಂಸರು, ಕೆಲವೊಮ್ಮೆ ದೊಡ್ಡ ವ್ಯಾಪಾರಿಗಳು. ಲೆಬನಾನಿನಲ್ಲಂತೂ ಖಾಝೆನ್, ಜೆಮಾಯೆಲ್‌ನಂಥ ಮರೋನೈಟ್ ಕ್ರೈಸ್ತ ಮನೆತನಗಳಿಗೇ ಶೇಖ್ ಎಂಬುದು ವಂಶದಿಂದ ಬಂದ ಬಿರುದು. ಈ ಒಂದು ಸಂಗತಿ ನೆನಪಿದ್ದರೆ ಶೇಖ್ ಎಂಬುದನ್ನು ಕಣ್ಣುಮುಚ್ಚಿ ‘ಕ್ಲೆರಿಕ್’ ಎಂದು ಬರೆಯುವ ತಪ್ಪು ಆಗುವುದಿಲ್ಲ.

ನಿಮ್ಮ ಓಣಿಯ ಶೇಖ್ ಮಕ್ಕಳಿಗೆ ಕುರ್‌ಆನ್ ಬಾಯಿಪಾಠ ಮಾಡಿಸುವವರು. ‘ಪ್ರೀಸ್ಟ್’ ಎಂದರೆ ಚರ್ಚಿನ ವಾಸನೆ, ‘ಟೀಚರ್’ ಎಂದರೆ ಶಾಲೆ, ‘ಇಮಾಮ್’ ಎಂದರೆ ನಮಾಜಿಗೆ ಮುಂದೆ ನಿಲ್ಲುವ ಕೆಲಸ, ಅದನ್ನು ಅವರು ಮಾಡುತ್ತಿರಲೂಬಹುದು, ಇಲ್ಲದಿರಲೂಬಹುದು. ಶೇಖ್ ಎಂದೇ ಉಳಿಸಿ. ತೊಂದರೆ ಏನೆಂದರೆ, ಇಂಗ್ಲಿಷ್ ಓದುಗನ ಕಣ್ಣಿಗೆ ಆ ಪದ ಕಂಡೊಡನೆ ಕೊಲ್ಲಿಯ ಎಣ್ಣೆ ಸಾಹುಕಾರ ಬಂದು ನಿಲ್ಲುತ್ತಾನೆ. ಅವನನ್ನು ಓಡಿಸಲು ಅಡಿಟಿಪ್ಪಣಿ ಬೇಡ. ಮೊದಲ ಸಲ ಆ ಹೆಸರು ಬರುವ ವಾಕ್ಯದಲ್ಲೇ ನಾಲ್ಕು ಪದ ಸೇರಿಸಿ: ಮಕ್ಕಳಿಗೆ ಕುರ್‌ಆನ್ ಕಲಿಸುವ ಶೇಖ್. ಮುಂದೆ ಎಲ್ಲೂ ವಿವರಿಸಬೇಕಿಲ್ಲ. ಅದೇ ಕಥೆಯಲ್ಲಿ ‘ಶೇಖ್ ಅಲ್-ಬಲದ್’ ಬಂದರೆ ಮಾತ್ರ ಅನುವಾದಿಸಿ, ಅದು ಹಳ್ಳಿಯ ಹುದ್ದೆ. ‘ವಿಲೇಜ್ ಹೆಡ್‌ಮನ್’ ಸರಿಯಾಗಿ ಕೂರುತ್ತದೆ, ನಮ್ಮ ಪಟೇಲರಿದ್ದ ಹಾಗೆ.

ಈಗ ಮದ್ದಿನ ಅಂಗಡಿ. ಅರಬಿಯಲ್ಲಿ ವೈದ್ಯ ವೃತ್ತಿಗೆ ತಬೀಬ್ ಎಂಬ ಪದ ಬೇರೆಯೇ ಇದೆ. ದುಕ್ತೂರ್, ಈಜಿಪ್ಟಿನ ಬಾಯಲ್ಲಿ ದೊಕ್ತೋರ್, ಕರೆಯುವ ಪದ. ಅದು ವೈದ್ಯರಿಗೆ, ದಂತವೈದ್ಯರಿಗೆ, ಪಶುವೈದ್ಯರಿಗೆ, ಔಷಧ ಶಾಸ್ತ್ರ ಓದಿದ ಫಾರ್ಮಸಿಸ್ಟಿಗೆ, ಪಿಎಚ್‌ಡಿ ಮಾಡಿದ ಪ್ರಾಧ್ಯಾಪಕರಿಗೆ, ಎಲ್ಲರಿಗೂ ಸಲ್ಲುತ್ತದೆ. ನಿಮ್ಮ ಪತ್ರದಲ್ಲಿರುವ ಸನ್ನಿವೇಶವನ್ನೇ ನೋಡಿ. ಮುದುಕಿ ಬಂದು ಬಿಪಿ ಏರಿದೆ ದೊಕ್ತೋರ್ ಅನ್ನುತ್ತಾಳೆ, ಅವನು ಕೂತ್ಕೋ ಹಗ್ಗಾ ಎಂದು ತೋಳಿಗೆ ಪಟ್ಟಿ ಸುತ್ತುತ್ತಾನೆ ಎಂದಿಟ್ಟುಕೊಳ್ಳಿ. ‘ಮೈ ಪ್ರೆಶರ್ ಈಸ್ ಅಪ್, ಡಾಕ್ಟರ್’ ಎಂದಷ್ಟೇ ಬರೆದರೆ ಇಂಗ್ಲಿಷ್ ಓದುಗ ಆಸ್ಪತ್ರೆಯೊಳಗೆ ಹೋಗಿ ನಿಂತುಬಿಡುತ್ತಾನೆ. ಮೂರು ಪುಟ ಆದಮೇಲೆ ಅದೇ ಡಾಕ್ಟರು ಸಾಬೂನು ಮಾರುವುದನ್ನು ಕಂಡು ಕಕ್ಕಾಬಿಕ್ಕಿಯಾಗುತ್ತಾನೆ. ‘ಡಾಕ್ಟರ್’ ತೆಗೆದು ‘ಸರ್’ ಎಂದು ಹಾಕಿದರೋ, ಓಣಿಯವರು ಅವನ ಓದಿಗೆ ಕೊಡುವ ಮರ್ಯಾದೆಯೇ ಹೋಯಿತು. ಆದ್ದರಿಂದ ಮುದುಕಿಯ ಬಾಯಲ್ಲಿ ಡಾಕ್ಟರ್ ಇರಲಿ, ನಿರೂಪಣೆ ಕೆಲಸ ಮಾಡಲಿ: ‘ದಿ ಫಾರ್ಮಸಿಸ್ಟ್ ಕೇಮ್ ರೌಂಡ್ ದಿ ಕೌಂಟರ್ ವಿತ್ ದಿ ಕಫ್. ಸಿಟ್ ಡೌನ್, ಹಗ್ಗಾ.’ ಕೌಂಟರ್ ಎಂಬ ಒಂದೇ ಪದ ಜಾಗವನ್ನು ಹೇಳಿಬಿಡುತ್ತದೆ.

ಇಲ್ಲಿ ದೊಕ್ತೋರ್ ಎಂಬ ಉಚ್ಚಾರವನ್ನೇ ಉಳಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದು ಅರಬಿಗೂ ಇಂಗ್ಲಿಷಿಗೂ ಹೊರಗಿನಿಂದ ಬಂದ ಪದ. ವಿಚಿತ್ರವಾಗಿ ಬರೆದರೆ ಪಾತ್ರಗಳು ತಪ್ಪು ಇಂಗ್ಲಿಷ್ ಮಾತಾಡಿದಂತೆ ಕೇಳುತ್ತದೆ. ಹೆಸರಿನ ಮುಂದೆ ಬಂದಾಗ ಅರಬರು ಮೊದಲ ಹೆಸರಿಗೇ ಸೇರಿಸುತ್ತಾರೆ: ಡಾಕ್ಟರ್ ಸಮೀರ್. ಇಂಗ್ಲಿಷ್ ರೂಢಿಗೆಂದು ಅವನ ಮನೆತನದ ಹೆಸರು ಹುಡುಕಲು ಹೋಗಬೇಡಿ, ಓಣಿಯಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟ ಮೇಲೆ ನಾವೆಲ್ಲ ಡಾ. ರಾಜ್ ಅಂದಿದ್ದು ಮೊದಲ ಹೆಸರಿಗೇ ಸೇರಿಸಿ. ಅವರು ವೈದ್ಯರಲ್ಲ ಎಂದು ಕನ್ನಡಿಗನಿಗೆ ಹೇಳಬೇಕಿಲ್ಲ, ಪರದೇಶದ ಓದುಗನಿಗೆ ಒಂದು ಸಲ ಹೇಳಬೇಕಾಗುತ್ತದೆ.

ಕಥೆ ಬಿಟ್ಟು ಕಚೇರಿ ಪತ್ರ ಕೈಗೆ ಬಂದರೆ ಇನ್ನೊಂದು ತೊಡಕಿದೆ. ಹೆಸರಿನ ಮುಂದೆ ದಾಲ್ ಅಕ್ಷರ, ಒಂದು ಚುಕ್ಕಿ ಇದ್ದರೆ ಡಾಕ್ಟರ್. ಅಲಿಫ್ ಚುಕ್ಕಿ, ದಾಲ್ ಚುಕ್ಕಿ ಎಂದು ಎರಡಿದ್ದರೆ ಉಸ್ತಾದ್ ದುಕ್ತೂರ್, ಅಂದರೆ ಪ್ರೊಫೆಸರ್ ಹುದ್ದೆಯವರು; ಇಂಗ್ಲಿಷಿನಲ್ಲಿ ‘ಪ್ರೊಫೆಸರ್’ ಒಂದೇ ಸಾಕು. ಮೀಮ್ ಚುಕ್ಕಿ ಇದ್ದರೆ ಮುಹಂದಿಸ್, ಇಂಜಿನಿಯರು. ಇಂಗ್ಲಿಷಿನಲ್ಲಿ ಅದು ಹೆಸರಿನ ಮುಂದೆ ಬರುವ ಬಿರುದಲ್ಲ, ಹಾಗಾಗಿ ‘ಮಿಸ್ಟರ್’ ಎಂದು ಬರೆದು ವೃತ್ತಿಯನ್ನು ಹೆಸರಿನ ಹಿಂದೆ ಹಾಕಿ.

ಕಷ್ಟದ್ದು ಹಾಜಿ. ನೀವು ಹಾಜಿ ಎಂದು ಬರೆದಿರುವುದು ನಮ್ಮ ಕಿವಿಯ ರೂಢಿ. ಉರ್ದು, ಪಾರ್ಸಿ, ತುರ್ಕಿಗಳಲ್ಲಿ ಕೊನೆಗೆ ‘ಇ’ ಇದೆ, ಇರಾಕಿನ ಅರಬಿಯಲ್ಲೂ ಹಜ್ಜಿ ಅನ್ನುತ್ತಾರೆ. ಈಜಿಪ್ಟಿನಲ್ಲಿ ಆ ‘ಇ’ ಇಲ್ಲ, ಜಕಾರವೂ ಗಕಾರವಾಗಿದೆ: ಗಂಡಿಗೆ ಹಗ್ಗ್, ಹೆಣ್ಣಿಗೆ ಹಗ್ಗಾ. ಕೈರೋದ ಮುದುಕಿಗೆ ‘ಹಾಜಿ’ ಅಂದರೆ ಊರೂ ತಪ್ಪಿತು, ಲಿಂಗವೂ ತಪ್ಪಿತು. ಇನ್ನೂ ಒಂದು ಕಾರಣವಿದೆ. 2003ರ ನಂತರ ಇರಾಕಿನಲ್ಲಿದ್ದ ಅಮೆರಿಕದ ಸೈನಿಕರು ಅಲ್ಲಿನ ಜನರನ್ನು ಹೀಯಾಳಿಸಲು ಇದೇ ‘ಹಜ್ಜಿ’ ಪದ ಬಳಸಿದರು. ಆ ಕಹಿ ಅಮೆರಿಕದ ಇಂಗ್ಲಿಷಿನಲ್ಲಿ ಪದಕ್ಕೆ ಅಂಟಿಕೊಂಡಿದೆ. ಗೌರವದ ಮಾತು ಅಲ್ಲಿನ ಓದುಗನಿಗೆ ಬೈಗುಳವಾಗಿ ಕೇಳಬಾರದು.

ಹಾಗೆಂದು ‘ಪಿಲ್‌ಗ್ರಿಮ್’ ಎಂದು ಅನುವಾದಿಸಿದರೆ ಕಥೆಯೇ ಮುರಿಯಬಹುದು. ಈಜಿಪ್ಟಿನಲ್ಲಿ ವಯಸ್ಸಾದ ಅಪರಿಚಿತರನ್ನು ಯಾ ಹಗ್ಗ್, ಯಾ ಹಗ್ಗಾ ಎಂದು ಕರೆಯಲು ಅವರು ಮೆಕ್ಕಾಗೆ ಹೋಗಿರಬೇಕೆಂದೇನಿಲ್ಲ. ಹೊರಗಿನವನು ಕ್ರೈಸ್ತ ಮುದುಕಿಯನ್ನೂ ಅರಿಯದೆ ಹಾಗೆ ಕರೆದುಬಿಡಬಹುದು. ಜೆರುಸಲೇಮಿನ ಯಾತ್ರೆ ಮುಗಿಸಿದ ಕಾಪ್ಟಿಕ್ ಕ್ರೈಸ್ತರಿಗೆ ಮುಕದ್ದಿಸ್ ಎಂಬ ಬೇರೆ ಬಿರುದೇ ಇದೆ. ನಿಮ್ಮ ಮುದುಕಿ ಮುಂದೆ ಎಲ್ಲಾದರೂ ಹಜ್‌ಗೆಂದು ದುಡ್ಡು ಕೂಡಿಡುತ್ತಿದ್ದರೆ, ಮೊದಲ ಪುಟದ ‘ಪಿಲ್‌ಗ್ರಿಮ್’ ಅವಳ ಆಸೆಯನ್ನೇ ಸುಳ್ಳು ಮಾಡುತ್ತದೆ. ಮಾತಿನಲ್ಲಿ ಹೆಸರಿಲ್ಲದೆ ಬಂದದ್ದು ವಯಸ್ಸಿಗೆ ಕೊಟ್ಟ ಮರ್ಯಾದೆ ಎಂದು ಹಿಡಿಯಿರಿ. ನಿರೂಪಕನೇ ‘ಅಲ್-ಹಗ್ಗ್ ಮಹಮೂದ್’ ಎಂದು ಹೆಸರಿನೊಂದಿಗೆ ಬರೆದಿದ್ದರೆ ಯಾತ್ರೆ ಆಗಿರುವ ಸಂಭವ ಹೆಚ್ಚು, ಆಗಲೂ ಕಥೆಯೊಳಗೆ ಬೇರೆ ಸುಳಿವು ಹುಡುಕಿ.

‘ಆಂಟಿ’ ಹಾಕಬಹುದಲ್ಲ ಎಂದು ಅನ್ನಿಸೀತು. ಅತ್ತೆ, ಚಿಕ್ಕಮ್ಮ ಎಂದು ಕರೆಯಲು ಈಜಿಪ್ಟಿನವರಿಗೆ ಬೇರೆ ಪದಗಳಿವೆ, ಅವು ಬಂದಾಗ ನಿಮ್ಮ ಕೈ ಬರಿದಾಗುತ್ತದೆ. ‘ಮ್ಯಾಮ್’ ಎಂದರೆ ಓಣಿ ಹೋಟೆಲಿನ ಸ್ವಾಗತ ಮೇಜಾಗುತ್ತದೆ. ಹಗ್ಗಾ ಎಂದೇ ಉಳಿಸಿ, ಓರೆ ಅಕ್ಷರ ಬೇಡ. ಎರಡನೇ ಸಲಕ್ಕೇ ಓದುಗನಿಗೆ ಅದು ವಯಸ್ಸಾದ ಹೆಂಗಸಿನ ಮರ್ಯಾದೆ ಎಂದು ತಿಳಿದಿರುತ್ತದೆ. ನಿರೂಪಣೆಯಲ್ಲಿ ಹಜ್ಜ್, ಮಾತಿನಲ್ಲಿ ಹಗ್ಗ್ ಎಂದು ಎರಡು ಕಾಗುಣಿತ ಮಾತ್ರ ಬೇಡ, ಅವು ಎರಡು ಬೇರೆ ಪದಗಳೆಂದು ಓದುಗ ತಿಳಿಯುತ್ತಾನೆ. ಯಾತ್ರೆಯನ್ನೇ ಹೇಳಬೇಕಾದಲ್ಲಿ ‘ಪಿಲ್‌ಗ್ರಿಮೇಜ್’ ಎಂದು ಬರೆಯಿರಿ. ಮೂಲದಲ್ಲಿ ಯಾತ್ರೆ ಹಜ್ಜ್, ಯಾತ್ರಿ ಹಾಜ್ಜ್, ಸ್ವರದ ಉದ್ದವಷ್ಟೇ ವ್ಯತ್ಯಾಸ, ಇಂಗ್ಲಿಷ್ ಅಕ್ಷರಗಳಲ್ಲಿ ಅದು ಕಾಣುವುದಿಲ್ಲ.

ತೆಗೆದುಬಿಡುವ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ಅದಕ್ಕೆ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ಒಂದು ಹಾಳೆಯಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾವ ಪುಟದಲ್ಲಿ ಎಂದು ಬರೆದುಕೊಳ್ಳಿ. ಸಾಲಾಗಿ ಹತ್ತು ‘ಯಾ ದೊಕ್ತೋರ್’ ಬಂದಲ್ಲಿ ನಾಲ್ಕನ್ನು ತೆಗೆಯಬಹುದು, ಇಂಗ್ಲಿಷ್ ಸಂಭಾಷಣೆ ಪ್ರತಿ ಮಾತಿಗೂ ಕರೆಯನ್ನು ತಾಳುವುದಿಲ್ಲ. ಆದರೆ ಹಾಳೆಯ ಮೇಲೆ ಕರೆ ಬದಲಾದ ಜಾಗ ಕಂಡರೆ ಅಲ್ಲಿ ಕೈ ಹಾಕಬೇಡಿ. ಇಪ್ಪತ್ತು ಪುಟ ಡಾಕ್ಟರ್ ಎಂದ ಪಕ್ಕದ ಮನೆಯವನು ಬಾಡಿಗೆಯ ಜಗಳದಲ್ಲಿ ಬರೀ ‘ಸಮೀರ್’ ಅಂದರೆ, ಅದು ಕೆನ್ನೆಗೆ ಹೊಡೆದಂತೆ. ಆ ಏಟು ಇಂಗ್ಲಿಷಿನಲ್ಲಿ ಕೇಳಬೇಕಾದರೆ ಅದಕ್ಕೆ ಹಿಂದಿನ ಎರಡು ಮೂರು ಮಾತುಗಳಲ್ಲಾದರೂ ‘ಡಾಕ್ಟರ್’ ಉಳಿದಿರಬೇಕು.