ಬುಕೋಲ್ಜ್ ಸುಮ್ಮನಿದೆ, ಪಿಆರ್‌ಡಿ ಟ್ರಿಪ್ ಕೊಟ್ಟಿದೆ: ಟ್ಯಾಂಕಿನೊಳಗೆ ನಡೆದದ್ದೇನು?

ಪ್ರಶ್ನೆ: ನಮ್ಮ ಉಪಕೇಂದ್ರದ 66/11 ಕೆ.ವಿ., 20 ಎಂ.ವಿ.ಎ. ಟ್ರಾನ್ಸ್‌ಫಾರ್ಮರ್‌ಗೆ ಗ್ಯಾಸ್ಕೆಟ್ ಬದಲಿಸಿ, ಎಣ್ಣೆ ಫಿಲ್ಟರ್ ಮಾಡಿ ಬೆಳಿಗ್ಗೆ ಚಾರ್ಜ್ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಒತ್ತಡ ಹೊರಬಿಡುವ ಸಾಧನವಾದ ಪಿಆರ್‌ಡಿಯಿಂದ ಟ್ರಿಪ್ ಆಯಿತು. ಅದರ ಹಳದಿ ಕಡ್ಡಿ ಮೇಲೆದ್ದಿತ್ತು, ಟ್ಯಾಂಕಿನ ಮೇಲೆ ಎಣ್ಣೆ ಚೆಲ್ಲಿತ್ತು. ಬುಕೋಲ್ಜ್ ರಿಲೇಯಲ್ಲಿ ಮಾತ್ರ ಅನಿಲವಿಲ್ಲ, ಡಿಫರೆನ್ಷಿಯಲ್ ರಿಲೇಯೂ ಸುಮ್ಮನಿದೆ. ಒಳಗೆ ದೋಷವಿದ್ದರೆ ಬುಕೋಲ್ಜ್ ಮೊದಲು ಹೇಳಬೇಕಲ್ಲವೇ? ಸಡನ್ ಪ್ರೆಷರ್ ರಿಲೇ ಇದ್ದಿದ್ದರೆ ವಿಷಯ ಗೊತ್ತಾಗುತ್ತಿತ್ತೇ?
— ಸಹಾಯಕ ಎಂಜಿನಿಯರ್, ತುಮಕೂರು ಜಿಲ್ಲೆ

ಉತ್ತರ: ಟ್ರಾನ್ಸ್‌ಫಾರ್ಮರ್ ಅನ್ನು ಎರಡೂ ಕಡೆ ಬೇರ್ಪಡಿಸಿ, ಅರ್ಥ್ ಮಾಡಿ, ಮೇಲೆ ಹತ್ತಿ ಬುಕೋಲ್ಜ್‌ನ ಆಚೀಚೆ ಇರುವ ವಾಲ್ವ್‌ಗಳನ್ನು ನೋಡಿ. ಫಿಲ್ಟರ್ ಕೆಲಸಕ್ಕೆಂದು ಮುಚ್ಚಿದ ಒಂದು ವಾಲ್ವ್ ಹಾಗೆಯೇ ಉಳಿದಿರುವ ಸಾಧ್ಯತೆ ಬಹಳ. ನೀವು ಕೊಟ್ಟ ವಿವರಗಳೆಲ್ಲ ಅದಕ್ಕೇ ಹೊಂದುತ್ತವೆ. ಏಕೆಂದರೆ ಪಿಆರ್‌ಡಿ, ಬುಕೋಲ್ಜ್, ಸಡನ್ ಪ್ರೆಷರ್ ರಿಲೇ ಈ ಮೂರೂ ಅಳೆಯುವುದು ಮೂರು ಬೇರೆ ಬೇರೆ ಸಂಗತಿಗಳನ್ನು.

ನಿಮ್ಮ ಟ್ಯಾಂಕಿನಲ್ಲಿ ಹನ್ನೆರಡು ಸಾವಿರ ಲೀಟರ್ ಎಣ್ಣೆ ಇದೆ ಎಂದಿಟ್ಟುಕೊಳ್ಳಿ. ಖನಿಜ ಎಣ್ಣೆ ಒಂದು ಡಿಗ್ರಿ ಬಿಸಿಯಾದರೆ ಹತ್ತು ಸಾವಿರದಲ್ಲಿ ಸುಮಾರು ಏಳು ಪಾಲು ಹಿಗ್ಗುತ್ತದೆ. ಅಂದರೆ ಡಿಗ್ರಿಗೆ ಎಂಟು ಲೀಟರಿಗೂ ಹೆಚ್ಚು. ಬೆಳಿಗ್ಗೆ 30 ಡಿಗ್ರಿ ಇದ್ದ ಎಣ್ಣೆ ಲೋಡ್ ಬಿದ್ದ ಮೇಲೆ 50 ಡಿಗ್ರಿಗೆ ಏರಿದರೆ ನೂರ ಅರವತ್ತು ಲೀಟರ್‌ಗೂ ಮಿಕ್ಕಿ ಎಣ್ಣೆ, ಬುಕೋಲ್ಜ್ ಕೂತಿರುವ ಕೊಳವೆಯ ಮೂಲಕ ಮೇಲಿನ ಎಣ್ಣೆತೊಟ್ಟಿಯಾದ ಕನ್ಸರ್ವೇಟರ್‌ಗೆ ಹೋಗಬೇಕು. ವಾಲ್ವ್ ಮುಚ್ಚಿದ್ದರೆ ದಾರಿಯಿಲ್ಲ. ಟ್ಯಾಂಕಿನ ಗೋಡೆ, ರೇಡಿಯೇಟರ್ ಒಂದಿಷ್ಟು ಉಬ್ಬಿ ಸ್ವಲ್ಪ ಜಾಗ ಕೊಡುತ್ತವೆ, ಆಮೇಲೆ ಒತ್ತಡ ಏರಲೇಬೇಕು.

ಪಿಆರ್‌ಡಿ ಎಂದರೆ ಸ್ಪ್ರಿಂಗ್ ಒತ್ತಿ ಹಿಡಿದ ಒಂದು ದೊಡ್ಡ ತಟ್ಟೆ. ಟ್ಯಾಂಕಿನ ಒತ್ತಡ ನಿಗದಿತ ಮಟ್ಟ ಮುಟ್ಟಿದರೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಪೂರ್ತಿ ತೆರೆದು ಎಣ್ಣೆಯನ್ನು ಹೊರಬಿಡುತ್ತದೆ, ಒತ್ತಡ ಇಳಿದಾಗ ತಾನೇ ಕೂತುಕೊಳ್ಳುತ್ತದೆ. ಆ ಮಟ್ಟ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 0.5 ಕೆ.ಜಿ. ಆಸುಪಾಸು, ನಿಮ್ಮದು ಎಷ್ಟೆಂದು ಅದರ ಹೆಸರುಫಲಕದಲ್ಲಿ ಇರುತ್ತದೆ. ವಾಲ್ವ್ ತೆರೆದಿರುವಾಗ ಇದರಲ್ಲಿ ಒಂದು ಪಾಲು ಎಣ್ಣೆಯ ಎತ್ತರದಿಂದಲೇ ಬಂದಿರುತ್ತದೆ. ಕನ್ಸರ್ವೇಟರಿನ ಎಣ್ಣೆಮಟ್ಟ ಪಿಆರ್‌ಡಿಗಿಂತ ಒಂದೂವರೆ ಮೀಟರ್ ಮೇಲಿದ್ದರೆ ಸುಮಾರು 0.13 ಅಲ್ಲೇ ಆಯಿತು. ವಾಲ್ವ್ ಮುಚ್ಚಿದ್ದರೆ ಆ ಪಾಲನ್ನು ನೆಚ್ಚುವಂತಿಲ್ಲ; ಒತ್ತಡವನ್ನು ಹಿಗ್ಗಿದ ಎಣ್ಣೆಯೇ ತುಂಬಿತು, ತಟ್ಟೆ ಎದ್ದಿತು, ಮೈಕ್ರೋಸ್ವಿಚ್ ಟ್ರಿಪ್ ಕೊಟ್ಟಿತು. ಒತ್ತಡ ಏಕೆ ಏರಿತು, ಎಷ್ಟು ಹೊತ್ತಿನಲ್ಲಿ ಏರಿತು ಎನ್ನುವುದು ಅದಕ್ಕೆ ಬೇಕಿಲ್ಲ.

ಬುಕೋಲ್ಜ್‌ಗೆ ಒತ್ತಡವೇ ತಿಳಿಯದು. ಅದಕ್ಕೆ ತಿಳಿಯುವುದು ತನ್ನೊಳಗೆ ಸೇರಿದ ಅನಿಲ, ಇಳಿದ ಎಣ್ಣೆಮಟ್ಟ ಮತ್ತು ಕನ್ಸರ್ವೇಟರ್ ಕಡೆಗೆ ನುಗ್ಗುವ ಎಣ್ಣೆಯ ವೇಗ. ಸಡಿಲ ಜೋಡಣೆಯೊಂದು ಕಾದು ದಿನಗಟ್ಟಲೆ ಗುಳ್ಳೆ ಬಿಟ್ಟರೆ ಇನ್ನೂರು ಮುನ್ನೂರು ಮಿಲಿಲೀಟರ್ ಅನಿಲ ಸೇರಿದಾಗ ಮೇಲಿನ ಫ್ಲೋಟ್ ಅಲಾರಾಂ ಕೊಡುತ್ತದೆ. ಒಳಗೆ ಆರ್ಕ್ ಹೊತ್ತಿಕೊಂಡರೆ ಸೆಕೆಂಡಿಗೆ ಒಂದು ಮೀಟರ್ ಆಸುಪಾಸಿನ ವೇಗದಲ್ಲಿ ನುಗ್ಗಿದ ಎಣ್ಣೆ ರೆಕ್ಕೆಯನ್ನು ತಳ್ಳಿ ಟ್ರಿಪ್ ಮಾಡುತ್ತದೆ. ನಿಮ್ಮಲ್ಲಿ ಅನಿಲ ಹುಟ್ಟಲಿಲ್ಲ, ವಾಲ್ವ್ ಮುಚ್ಚಿದ್ದರಿಂದ ಎಣ್ಣೆ ಹರಿಯಲೂ ಇಲ್ಲ. ಅದು ಸುಮ್ಮನಿದ್ದದ್ದು ಸರಿಯಾಗಿಯೇ ಇದೆ. ಆದರೆ ಒಂದು ಮಾತು: ಆ ಕೆಲವು ಗಂಟೆ ನಿಮ್ಮ ಟ್ರಾನ್ಸ್‌ಫಾರ್ಮರ್‌ಗೆ ಬುಕೋಲ್ಜ್‌ನ ರಕ್ಷಣೆ ಇರಲಿಲ್ಲ ಎಂದೇ ಲೆಕ್ಕ. ನಿಜವಾದ ದೋಷ ಬಂದಿದ್ದರೂ ಎಣ್ಣೆ ಆ ದಾರಿಯಲ್ಲಿ ನುಗ್ಗಲು ಆಗುತ್ತಿರಲಿಲ್ಲ.

ಇನ್ನು ಸಡನ್ ಪ್ರೆಷರ್ ರಿಲೇ. ಅದು ಇದ್ದಿದ್ದರೂ ನಿಮ್ಮ ಪ್ರಸಂಗದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅದು ನೋಡುವುದು ಒತ್ತಡ ಎಷ್ಟಿದೆ ಎಂದಲ್ಲ, ಎಷ್ಟು ಬೇಗ ಏರುತ್ತಿದೆ ಎಂದು. ಒಳಗೊಂದು ಬೆಲ್ಲೋಸ್ ಇದೆ; ಅದರ ಎರಡು ಬದಿಗಳನ್ನು ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದು ಜೋಡಿಸುತ್ತದೆ. ಎಣ್ಣೆ ಬಿಸಿಯಾಗಿ ಒತ್ತಡ ಗಂಟೆಗಳಲ್ಲಿ ಏರಿದರೆ ಆ ರಂಧ್ರದ ಮೂಲಕ ಎರಡೂ ಬದಿ ಸಮವಾಗಿಬಿಡುತ್ತವೆ, ಬೆಲ್ಲೋಸ್ ಅಲುಗುವುದಿಲ್ಲ. ಸುರುಳಿಯ ಎರಡು ಸುತ್ತುಗಳ ನಡುವೆ ಆರ್ಕ್ ಹೊತ್ತಿ ಒತ್ತಡ ಮಿಲಿಸೆಕೆಂಡುಗಳಲ್ಲಿ ಜಿಗಿದರೆ ರಂಧ್ರ ಸಾಲದು. ಒಂದು ಬದಿ ಹಿಂದೆ ಬೀಳುತ್ತದೆ, ಬೆಲ್ಲೋಸ್ ಬಾಗಿ ಸ್ವಿಚ್ ಒತ್ತುತ್ತದೆ. ಟ್ಯಾಂಕಿನ ಒಟ್ಟು ಒತ್ತಡ ಆಗ ಪಿಆರ್‌ಡಿಯ ಮಟ್ಟದ ಹತ್ತಿರಕ್ಕೂ ಬಂದಿರಬೇಕಿಲ್ಲ. ಕೆಲವೇ ಸುತ್ತುಗಳ ದೋಷದಲ್ಲಿ ಡಿಫರೆನ್ಷಿಯಲ್‌ಗೆ ಸಾಲುವಷ್ಟು ಕರೆಂಟ್ ವ್ಯತ್ಯಾಸ ಸಿಗದಿರಬಹುದು, ಇದರ ನಿಜವಾದ ಬೆಲೆ ಅಲ್ಲಿದೆ. ಅಮೆರಿಕದಲ್ಲಿ ಕನ್ಸರ್ವೇಟರ್ ಇಲ್ಲದೆ ಎಣ್ಣೆಯ ಮೇಲೆ ನೈಟ್ರೋಜನ್ ತುಂಬಿ ಮುಚ್ಚಿದ ಟ್ಯಾಂಕುಗಳು ಹೆಚ್ಚು. ಕೊಳವೆಯೇ ಇಲ್ಲದ ಮೇಲೆ ಬುಕೋಲ್ಜ್ ಕೂರಿಸುವುದೆಲ್ಲಿ? ಹಾಗಾಗಿ ಅಲ್ಲಿ ಈ ರಿಲೇಯೇ ಮುಖ್ಯ. ಅಲ್ಲಿಯ ನಕ್ಷೆಗಳಲ್ಲಿ 63 ಎಂದು ಕಂಡರೆ ಅದು ಒತ್ತಡದ ಸ್ವಿಚ್‌ನ ಸಂಖ್ಯೆ.

ಅದರ ದೌರ್ಬಲ್ಯವೂ ಅದೇ ಗುಣದಿಂದ ಬಂದದ್ದು. 11 ಕೆ.ವಿ. ಫೀಡರಿನಲ್ಲಿ ಉಪಕೇಂದ್ರದ ಬಳಿಯೇ ಶಾರ್ಟ್ ಆದರೆ ಭಾರೀ ಕರೆಂಟಿಗೆ ಸುರುಳಿಗಳು ಒಮ್ಮೆ ಬಿಗಿದು ಎಣ್ಣೆಯನ್ನು ತಳ್ಳುತ್ತವೆ. ಆ ಅಲೆಯನ್ನು ರಿಲೇ ಒಳಗಿನ ದೋಷವೆಂದೇ ತಿಳಿದು ಆರೋಗ್ಯವಾಗಿರುವ ಟ್ರಾನ್ಸ್‌ಫಾರ್ಮರನ್ನು ಹೊರಗಿಡಬಹುದು. ಅದಕ್ಕಾಗಿ ಹಲವರು ಓವರ್‌ಕರೆಂಟ್ ರಿಲೇಯೊಂದನ್ನು ಕಾವಲಿಗೆ ಇಟ್ಟು, ಭಾರೀ ಕರೆಂಟ್ ಹರಿಯುವಾಗ ಇದರ ಟ್ರಿಪ್ ತಡೆಯುತ್ತಾರೆ. ನಿಮ್ಮ 20 ಎಂ.ವಿ.ಎ.ಗೆ ಬುಕೋಲ್ಜ್ ಸುಸ್ಥಿತಿಯಲ್ಲಿದ್ದರೆ ಹೊಸದಾಗಿ ಇದನ್ನು ಹಾಕಿಸುವ ತುರ್ತೇನೂ ನನಗೆ ಕಾಣುವುದಿಲ್ಲ.

ವಾಲ್ವ್ ತೆರೆದೇ ಇದ್ದರೆ? ಆಗ ಕನ್ಸರ್ವೇಟರಿಗೆ ಗಾಳಿ ಹೋಗಿಬರುವ ಬ್ರೀದರ್ ನೋಡಿ. ಅದರ ಗಾಳಿದಾರಿ ಕಟ್ಟಿದ್ದರೂ, ಕೆಳಗಿನ ಬಟ್ಟಲಿನ ಸೀಲ್ ತೆಗೆಯದೇ ಉಳಿದಿದ್ದರೂ ಒತ್ತಡ ಹೀಗೆಯೇ ಏರುತ್ತದೆ. ಎರಡನ್ನೂ ಬೇರ್ಪಡಿಸುವ ಸಾಕ್ಷಿ ನಿಮ್ಮ ಲಾಗ್ ಪುಸ್ತಕದಲ್ಲೇ ಇದೆ. ಬೆಳಿಗ್ಗೆಯಿಂದ ಎಣ್ಣೆಯ ತಾಪಮಾನ ಏರುತ್ತಾ ಹೋದರೂ ಕನ್ಸರ್ವೇಟರಿನ ಮಟ್ಟಸೂಚಿಯ ಮುಳ್ಳು ಇದ್ದಲ್ಲೇ ಇದ್ದರೆ ವಾಲ್ವ್ ಮುಚ್ಚಿದೆ. ಮುಳ್ಳು ಮೇಲೇರಿದ್ದರೆ ಎಣ್ಣೆಗೆ ದಾರಿ ಇತ್ತು, ಗಾಳಿಗೆ ಇರಲಿಲ್ಲ. ಕಡ್ಡಿ ಏಳದೆ ಬರಿಯ ಟ್ರಿಪ್ ಬಂದಿದ್ದರೆ ಮೈಕ್ರೋಸ್ವಿಚ್ ಪೆಟ್ಟಿಗೆಗೆ ನೀರು ಹೊಕ್ಕಿದೆಯೇ ನೋಡಿ ಎನ್ನುತ್ತಿದ್ದೆ. ನಿಮ್ಮಲ್ಲಿ ಎಣ್ಣೆಯೇ ಚೆಲ್ಲಿದೆ, ಆ ಸಂಶಯ ಬೇಡ.

ವಾಲ್ವ್ ಮುಚ್ಚಿರುವುದು ಕಂಡರೆ ಒಮ್ಮೆಲೇ ತಿರುಗಿಸಬೇಡಿ. ಉಳಿದ ಒತ್ತಡಕ್ಕೆ ಎಣ್ಣೆ ಬುಕೋಲ್ಜ್ ಮೂಲಕ ಮೇಲಕ್ಕೆ ನುಗ್ಗಿ ರೆಕ್ಕೆಯನ್ನು ಬಡಿಯುತ್ತದೆ, ನಿಧಾನವಾಗಿ ತೆರೆಯಿರಿ. ಬಳಿಕ ಬುಕೋಲ್ಜ್‌ನ ಗಾಳಿ ಬಿಡಿ, ಪಿಆರ್‌ಡಿಯ ಕಡ್ಡಿ ಮತ್ತು ಸ್ವಿಚ್ಚನ್ನು ಕೈಯಿಂದ ರಿಸೆಟ್ ಮಾಡಿ, ತಟ್ಟೆಯ ಗ್ಯಾಸ್ಕೆಟ್ ಸೋರುತ್ತಿದೆಯೇ ಗಮನಿಸಿ. ಕಾರಣ ಸಿಕ್ಕಿತೆಂದು ಕೂಡಲೇ ಚಾರ್ಜ್ ಮಾಡುವುದೂ ಬೇಡ. ಎಣ್ಣೆಯ ಮಾದರಿ ತೆಗೆದು ಕರಗಿದ ಅನಿಲಗಳ ಪರೀಕ್ಷೆಗೆ ಕಳುಹಿಸಿ, ಇನ್ಸುಲೇಷನ್ ರೋಧ ಮತ್ತು ಸುತ್ತಿನ ಅನುಪಾತ ಅಳೆಯಿರಿ. ಫಿಲ್ಟರ್ ಆದ ಎಣ್ಣೆಯಲ್ಲಿ ಹಳೆಯ ಅನಿಲ ಬಹುಪಾಲು ಹೋಗಿರುತ್ತದೆ. ಅದರಲ್ಲಿ ಅಸಿಟಿಲೀನ್ ಎದ್ದು ಕಂಡರೆ ಅದು ಹೊಸದಾಗಿ ಹುಟ್ಟಿದ್ದೆಂದೇ ತಿಳಿಯಬೇಕು, ಆಗ ನನ್ನ ವಾಲ್ವ್‌ನ ಊಹೆಯನ್ನು ಬದಿಗಿಟ್ಟು ಟ್ರಾನ್ಸ್‌ಫಾರ್ಮರನ್ನು ಹಾಗೆಯೇ ಹೊರಗೆ ಇರಿಸಿ.